ಅಳಿಸುವ ಮುನ್ನ

ಮಗನ ಖಾತೆಯಿಂದ ಹೊಲಸು ಮಾತುಗಳು ಹೊರಬಿದ್ದಿವೆ ಎಂದು ಶಾಲೆಯಿಂದ ಕರೆ ಬಂದಾಗ ಮರ್ಯಾದಸ್ಥ ಮನೆಯವರು ಮಾಡುವ ಮೊದಲ ಕೆಲಸ ಅಳಿಸುವುದು. ಬರಹವನ್ನು ಅಳಿಸುತ್ತಾರೆ, ಆಪ್ ಕಿತ್ತುಹಾಕುತ್ತಾರೆ, ಸಾಧ್ಯವಾದರೆ ಖಾತೆಯನ್ನೇ ಮುಚ್ಚಿಸುತ್ತಾರೆ. ಎರಡನೆಯ ಕೆಲಸ ಕ್ಷಮೆ ಕೇಳುವುದು. ಊರು ಬಿಟ್ಟು ಬಂದು ಬದುಕು ಕಟ್ಟಿಕೊಂಡ ನಮಗಂತೂ ನಾಲ್ಕು ಜನರ ಬಾಯಿಗೆ ಬೀಳದಿದ್ದರೆ ಸಾಕು ಎಂಬ ಆತುರ ತುಸು ಹೆಚ್ಚೇ. ಆದರೆ ಖಾತೆ ನಿಜಕ್ಕೂ ಬೇರೆಯವರ ವಶವಾಗಿದ್ದಲ್ಲಿ ಈ ಎರಡು ಕೆಲಸಗಳೇ ಹುಡುಗನಿಗೆ ಮುಳುವಾಗುತ್ತವೆ. ಅಳಿಸಿದ್ದು ಅವನ ಸಾಕ್ಷ್ಯ; ಬರೆದುಕೊಟ್ಟದ್ದು ಅವನ ತಪ್ಪೊಪ್ಪಿಗೆ. ಕಳಂಕ ತೊಳೆಯುವ ದಾರಿ ಅಳಿಸುವುದರಿಂದಲ್ಲ, ಉಳಿಸುವುದರಿಂದ ಆರಂಭವಾಗುತ್ತದೆ ಎಂಬುದು ನನ್ನ ವಾದ.

ವಿಷಯ ಸ್ಪಷ್ಟವಾಗಲೆಂದು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಹೈದರಾಬಾದಿನ ಕಾಚಿಗುಡದಲ್ಲೊಂದು ಕನ್ನಡ ಕುಟುಂಬ. ಮಗ ಒಂಬತ್ತನೆಯ ತರಗತಿ. ಮಂಗಳವಾರ ರಾತ್ರಿ ಗೆಳೆಯನ ಹೆಸರು, ಚಿತ್ರ ಹೊತ್ತ ಇನ್‌ಸ್ಟಾಗ್ರಾಮ್ ಖಾತೆಯೊಂದು ಅವನನ್ನು ಕೇಳುತ್ತದೆ: 'ಒಂದು ಸ್ಪರ್ಧೆಯಲ್ಲಿದ್ದೇನೆ, ನಿನ್ನ ಫೋನಿಗೊಂದು ಲಿಂಕ್ ಬರುತ್ತದೆ, ನನಗೆ ಕಳಿಸು.' ಬಂದದ್ದು ಅವನದೇ ಖಾತೆಯನ್ನು ತೆರೆಯುವ ಲಿಂಕ್. ಅದನ್ನು ಕಳಿಸಿದ ಸ್ವಲ್ಪ ಹೊತ್ತಿನಲ್ಲೇ, ರಾತ್ರಿ 10.52ಕ್ಕೆ, ಖಾತೆಯ ಇಮೇಲ್ ವಿಳಾಸ ಬದಲಾಗುತ್ತದೆ. ಹಿಂದೆಯೇ ಪಾಸ್‌ವರ್ಡ್ ಕೂಡ. ಮರುದಿನ ಬೆಳಿಗ್ಗೆ 11.40ಕ್ಕೆ ಸಹಪಾಠಿ ಹುಡುಗಿಯೊಬ್ಬಳ ಚಿತ್ರದೊಡನೆ ಅಸಹ್ಯ ಮಾತುಗಳು ಆ ಖಾತೆಯಲ್ಲಿ ಕಾಣಿಸಿಕೊಳ್ಳುತ್ತವೆ. ಸಂಜೆಯ ಹೊತ್ತಿಗೆ ಹುಡುಗ ಅಮಾನತಿನ ಅಂಚಿನಲ್ಲಿರುತ್ತಾನೆ.

ಇಲ್ಲಿ ಮೊದಲ ಸಾಕ್ಷಿ ಒಂದು ಇಮೇಲ್. ಖಾತೆಯ ವಿಳಾಸ ಬದಲಾದಾಗ ಇನ್‌ಸ್ಟಾಗ್ರಾಮ್ ಹಳೆಯ ವಿಳಾಸಕ್ಕೆ security@mail.instagram.com ಎಂಬಲ್ಲಿಂದ ಸೂಚನೆ ಕಳಿಸುತ್ತದೆ. ಬದಲಾವಣೆಯನ್ನು ರದ್ದುಮಾಡುವ ಲಿಂಕ್ ಕೂಡ ಅದರಲ್ಲಿರುತ್ತದೆ. ಮಕ್ಕಳು ಇಮೇಲ್ ತೆರೆದು ನೋಡುವುದು ಅಪರೂಪವಾದ್ದರಿಂದ ಅದು ಎಷ್ಟೋ ಸಲ ಓದದೆಯೇ ಬಿದ್ದಿರುತ್ತದೆ. ಅದರ ಬೆಲೆ ಇರುವುದು ಅದು ಬಂದ ಹೊತ್ತಿನಲ್ಲಿ. 10.52ರ ಸೂಚನೆ 11.40ರ ಬರಹಕ್ಕಿಂತ ಸುಮಾರು ಹದಿಮೂರು ಗಂಟೆ ಹಿಂದಿನದು; ಎಂದರೆ ಮಾತು ಹೊರಬೀಳುವ ಮೊದಲೇ ಖಾತೆ ಕೈತಪ್ಪಿತ್ತು. ಅದರ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದು. ಮೂಲ ಇಮೇಲ್ ಇರಲಿ. ಜಿಮೇಲ್ ಆದರೆ Show original ಒತ್ತಿದಾಗ ಕಾಣುವ ಪೂರ್ಣ ಪಠ್ಯವನ್ನು ಮುದ್ರಿಸಿಡಬೇಕು.

ಎರಡನೆಯ ಸಾಕ್ಷಿ ಖಾತೆಯ ಪ್ರವೇಶಗಳ ದಾಖಲೆ. instagram.com/hacked ಪುಟದ ಮೂಲಕ ಖಾತೆ ಮರಳಿ ದಕ್ಕಿದರೆ ಅದರ ಮಾಹಿತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಯಾವ ಹೊತ್ತಿನಲ್ಲಿ, ಯಾವ ಐಪಿ ವಿಳಾಸದಿಂದ ಪ್ರವೇಶವಾಯಿತೆಂದು ಅಲ್ಲಿ ಸಿಗುತ್ತದೆ. ಆದರೆ ಇಂಥ ದಾಖಲೆಗಳು ಅನೇಕ ವೇಳೆ ವೇಳೆಯನ್ನು ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಕ್ಕೆ, ತೋರಿಸುತ್ತವೆ. ನಮ್ಮ ಪ್ರಕರಣದಲ್ಲಿ 06:10 ಎಂದಿರುವುದನ್ನು ಕಂಡವರು ಬೆಳಿಗ್ಗೆ ಆರು ಗಂಟೆಗೆ ಹುಡುಗ ಮನೆಯಲ್ಲೇ ಇದ್ದನಲ್ಲ, ಫೋನೂ ಕೈಯಲ್ಲಿತ್ತಲ್ಲ ಎಂದು ತೀರ್ಪು ಕೊಟ್ಟುಬಿಡಬಹುದು. ಐದೂವರೆ ಗಂಟೆ ಕೂಡಿಸಿದರೆ ಅದು 11.40. ಆಗ ಅವನು ತರಗತಿಯಲ್ಲಿ ಗಣಿತ ಪರೀಕ್ಷೆ ಬರೆಯುತ್ತಿದ್ದ, ಫೋನು ಮನೆಯಲ್ಲಿತ್ತು. ಅವನ ಪರವಾದ ಸಾಕ್ಷ್ಯ ಶಾಲೆಯ ಹಾಜರಿ ಪುಸ್ತಕದಲ್ಲೇ ಇದೆ.

ಐಪಿ ವಿವರವನ್ನು ನಿರ್ಲಕ್ಷ್ಯದಿಂದ ಓದಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರು 2007ರಲ್ಲೇ ಸಾಕ್ಷಿಯಾಗಿದೆ. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಹೇಳನ ಮಾಡಿದ ಚಿತ್ರ ಬಂತೆಂದು ಪುಣೆ ಪೊಲೀಸರು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬನನ್ನು ಬಂಧಿಸಿದರು. ಏರ್‌ಟೆಲ್ ಕೊಟ್ಟ ಐಪಿ ವಿವರವೇ ತಪ್ಪಾಗಿತ್ತು. ಸಂಬಂಧವೇ ಇಲ್ಲದ ಆತ ಸುಮಾರು ಐವತ್ತು ದಿನ ಜೈಲಿನಲ್ಲಿ ಕಳೆದ. ವಯಸ್ಕನೊಬ್ಬನ ಗತಿ ಇದಾದರೆ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ನಿಂತ ಹದಿನಾಲ್ಕರ ಹುಡುಗ ತನ್ನ ಪರ ಏನು ತಾನೇ ವಾದಿಸಿಯಾನು?

ಆದ್ದರಿಂದ ಕ್ರಮ ಹೀಗಿರಬೇಕು. ಮೊದಲು ಬರಹದ ವಿಳಾಸ, ಖಾತೆಯ ಹೆಸರು, ದಿನಾಂಕ, ಭಾರತೀಯ ವೇಳೆ ಇವನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆಯೇ ಅದನ್ನು ತೆಗೆಸುವ ಕೆಲಸ; ಆ ಹುಡುಗಿಯ ನೋವು ನಿಜವಾದ್ದರಿಂದ ಇದರಲ್ಲಿ ಒಂದು ಗಂಟೆಯೂ ಅನಗತ್ಯವಾಗಿ ಕಳೆಯಬಾರದು. ಜಾಲತಾಣದ ದೂರು ಅಧಿಕಾರಿಗೆ ಬರೆದರೆ 2021ರ ಐಟಿ ನಿಯಮಗಳ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ ಬರಬೇಕು. ಜೊತೆಗೆ cybercrime.gov.in ತಾಣದಲ್ಲೋ ಹತ್ತಿರದ ಠಾಣೆಯಲ್ಲೋ ದೂರು ಕೊಡಬೇಕು. ಬೇರೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಐಟಿ ಕಾಯ್ದೆಯ 66ಸಿ ಕಲಮಿನ ಅಡಿಯಲ್ಲಿ ಮೂರು ವರ್ಷದವರೆಗೆ ಸಜೆಯಾಗಬಲ್ಲ ಅಪರಾಧ. ಕಳ್ಳನ ಐಪಿ ವಿವರವನ್ನು ಜಾಲತಾಣ ಶಾಲೆಗೆ ಕೊಡುವುದಿಲ್ಲ, ಪೊಲೀಸರು ಕೇಳಿದರೆ ಕೊಡುತ್ತದೆ; ಖಾತೆ ಮರಳಿ ಸಿಗದೇ ಹೋದಲ್ಲಿ ದೂರಿನ ಅಗತ್ಯ ಇನ್ನೂ ಹೆಚ್ಚು. ದೂರಿನ ಮೇಲೆ ತೆಗೆದುಹಾಕಿದ ವಿಷಯವನ್ನೂ ತನಿಖೆಗಾಗಿ 180 ದಿನ ಕಾಪಾಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ನಾವೇ ಅಳಿಸಿದ್ದಕ್ಕೆ ಅಂಥ ಭರವಸೆಯಿಲ್ಲ.

ಈ ಸಾಕ್ಷ್ಯಗಳಿಗೂ ಮಿತಿಯಿದೆ. ಮೊಬೈಲ್ ಸಂಪರ್ಕದ ಐಪಿ ತೋರಿಸುವ ಊರನ್ನು ನಂಬುವಂತಿಲ್ಲ. ಹೈದರಾಬಾದಿನಲ್ಲೇ ಕುಳಿತ ಹುಡುಗನ ಪ್ರವೇಶ ಚೆನ್ನೈ ಎಂದು ಕಾಣಬಹುದು. ಪರೀಕ್ಷೆಯಲ್ಲಿದ್ದ ಎಂಬುದು ಅವನು ಬರೆಯಲಿಲ್ಲವೆಂದು ಹೇಳುತ್ತದೆಯೇ ಹೊರತು, ಯಾರಿಗೂ ಬರೆಯಲು ಹೇಳಲಿಲ್ಲ ಎಂದಲ್ಲ. ಆ ಸಂಶಯವನ್ನು ಕಡಿಮೆ ಮಾಡುವುದು ಹಿಂದಿನ ರಾತ್ರಿಯ ಇಮೇಲ್ ಮತ್ತು ಗೆಳೆಯನ ಹೆಸರಿನ ಆ ನಕಲಿ ಸಂದೇಶ. ಅಪರಿಚಿತ ಕಳ್ಳರು ಸಾಮಾನ್ಯವಾಗಿ ಹಣ ಕೇಳುತ್ತಾರೆ. ತರಗತಿಯ ಹುಡುಗಿಯನ್ನೇ ಗುರುತಿಸಿ ಬೈಯುವವನು ಆ ವಲಯವನ್ನು ಬಲ್ಲವನೇ ಇರಬಹುದು. ಹಾಗೆಂದು ಅಂದು ಗೈರುಹಾಜರಾದವರನ್ನೆಲ್ಲ ಶಾಲೆ ತಾನೇ ವಿಚಾರಿಸಲು ಹೊರಟರೆ ಇನ್ನೊಬ್ಬ ನಿರಪರಾಧಿ ಸಿಕ್ಕಿಬಿದ್ದಾನು. ಅದು ಪೊಲೀಸರ ಕೆಲಸ.

ಶಾಲೆಯ ಕೆಲಸ ಬೇರೆ. ಶಿಕ್ಷೆಗೆ ಮುನ್ನ ಅದು ಕೇಳಬೇಕಾದ್ದು ಕ್ಷಮಾಪತ್ರವನ್ನಲ್ಲ, ಆ ಇಮೇಲನ್ನು, ಪ್ರವೇಶ ದಾಖಲೆಯನ್ನು, ದೂರಿನ ಸ್ವೀಕೃತಿಯನ್ನು. ಪೋಷಕರು ಏನಾದರೂ ಬರೆದುಕೊಡುವುದಾದರೆ ಹೀಗೆ ಬರೆಯಲಿ: 'ನಮ್ಮ ಮಗನ ಖಾತೆ ಇಂಥ ದಿನ ಇಂಥ ಹೊತ್ತಿನಲ್ಲಿ ಬೇರೆಯವರ ವಶವಾಯಿತು, ಅದರಿಂದ ಆ ವಿದ್ಯಾರ್ಥಿನಿಗೆ ಆದ ನೋವಿಗೆ ನಮಗೂ ವ್ಯಥೆಯಿದೆ, ದಾಖಲೆಗಳು ಲಗತ್ತಾಗಿವೆ.' ವ್ಯಥೆ ಬೇರೆ, ತಪ್ಪೊಪ್ಪಿಗೆ ಬೇರೆ. 'ಮಗ ತಪ್ಪು ಮಾಡಿದ್ದಾನೆ, ಮನ್ನಿಸಿ' ಎಂಬ ಒಂದು ಸಾಲು ಕಡತ ಸೇರಿದರೆ ಮುಂದೆ ಬರುವ ಯಾವ ದಾಖಲೆಗೂ ಅದನ್ನು ದಾಟುವುದು ಕಷ್ಟ.

ಕಡೆಗೆ ಹುಡುಗ ನಿರ್ದೋಷಿ ಎಂದಾದರೆ ಕಡತವನ್ನು ಮೌನವಾಗಿ ಮುಚ್ಚುವುದೂ ನ್ಯಾಯವಲ್ಲ. ಆರೋಪ ಇಡೀ ತರಗತಿಗೆ ಗೊತ್ತಾಗಿರುತ್ತದೆ. ಅದು ಎಷ್ಟು ಜನರ ಕಿವಿಗೆ ಬಿದ್ದಿತ್ತೋ ಅಷ್ಟೇ ಜನರ ಮುಂದೆ ಶಾಲೆ ಅದನ್ನು ಹಿಂತೆಗೆದುಕೊಳ್ಳಬೇಕು. ಎಲ್ಲರಿಗಿಂತ ಮೊದಲು ಅದನ್ನು ತಿಳಿಯಬೇಕಾದವಳು ಆ ಹುಡುಗಿ. ಪಕ್ಕದ ಬೆಂಚಿನಲ್ಲಿ ಕೂರುವವನು ತನ್ನ ಬಗ್ಗೆ ಹಾಗೆ ಬರೆಯಲಿಲ್ಲ ಎಂಬುದು ಅವನಿಗಿರುವಷ್ಟೇ ಅವಳಿಗೂ ಬೇಕಾದ ಸತ್ಯ.