ಸಿ ಚಾರ್ಜರ್‌ಗೆ ಓಗೊಡದ ಪವರ್ ಬ್ಯಾಂಕ್

ಭಾರತೀಯ ಮಾನಕ ಬ್ಯೂರೋದ ಮಹಾನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು ನಾನು. ನಮ್ಮ ಕಡೆ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಬರಲು ಒಂದೊಂದು ಸಲ ಎರಡು ಮೂರು ದಿನ ಹಿಡಿಯುತ್ತದೆ. ಹಾಗಾಗಿ ಒಂಟಿ ಮನೆಗಳಲ್ಲಿ ಹಿಂದೆ ಸೀಮೆಎಣ್ಣೆ ಬುಡ್ಡಿ ಇರುತ್ತಿದ್ದ ಗೂಡಿನಲ್ಲಿ ಈಗ ಪವರ್ ಬ್ಯಾಂಕ್ ಇರುತ್ತದೆ. ಅದರ ಬಗ್ಗೆಯೇ ನಿಮಗೆ ಈ ಪತ್ರ.

ಕಳೆದ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ 10,000 ಎಂಎಎಚ್ ಪವರ್ ಬ್ಯಾಂಕ್. "ಅಣ್ಣ, ಇದು ಫೋನಿಗೆ ಕರೆಂಟ್ ಕೊಡ್ತದೆ, ತಾನು ಮಾತ್ರ ತುಂಬ್ಕೊಳ್ಳಲ್ಲ. ರಾತ್ರಿಯಿಡೀ ಹಾಕಿಟ್ಟರೂ ಒಂದು ಲೈಟೂ ಮಿಣಕ್ ಅನ್ನಲ್ಲ" ಎಂದರು. ಕೊಂಡ ಅಂಗಡಿಯಲ್ಲಿ ಕೇಳಿದ್ದಕ್ಕೆ ಬ್ಯಾಟರಿ ಸತ್ತಿದೆ, ಹೊಸದು ತಗೊಳ್ಳಿ ಎಂದಿದ್ದರಂತೆ. ಕೊಂಡು ಇನ್ನೂ ಎಂಟು ತಿಂಗಳಾಗಿತ್ತು.

"ಅಕ್ಕ, ಯಾವ ಕೇಬಲ್ಲಿನಲ್ಲಿ ಹಾಕ್ತೀರಿ?" ಎಂದು ಕೇಳಿದೆ. ಜೊತೆಗೆ ಬಂದಿದ್ದ ಗಿಡ್ಡ ಕೇಬಲ್ ತುಂಡಾಗಿತ್ತು. ಆಮೇಲೆ ಹೊಸ ಫೋನಿನ ಚಾರ್ಜರನ್ನೇ ಬಳಸುತ್ತಿದ್ದರು. ಅದರ ಕೇಬಲ್ಲಿಗೆ ಎರಡೂ ತುದಿಯಲ್ಲಿ ಸಿ ಪಿನ್. ಅದನ್ನೇ ಹಾಕಿ ನಡುವೆ ಮೀಟರ್ ಸಿಕ್ಕಿಸಿದೆ. ಮೀಟರಿನ ಪರದೆಯೇ ಹೊತ್ತಲಿಲ್ಲ, ಅಂದರೆ ಕೇಬಲ್ಲಿನಲ್ಲಿ ಕರೆಂಟೇ ಇಲ್ಲ. ಅದೇ ಕೇಬಲ್ಲಿಗೆ ಅವರ ಫೋನ್ ಹಾಕಿದರೆ ಚೆನ್ನಾಗಿ ಚಾರ್ಜ್ ಆಯಿತು. ಆಮೇಲೆ ಅಂಗಡಿಯ ಹಳೆಯ ಅಗಲ ಪಿನ್ನಿನ ಚಾರ್ಜರಿಗೆ, ಅಂದರೆ ಎ ಪೋರ್ಟಿಗೆ, ಬೇರೆ ಕೇಬಲ್ಲಿನಿಂದ ಆ ಪವರ್ ಬ್ಯಾಂಕನ್ನು ಜೋಡಿಸಿದೆ. ಮೀಟರ್ 5.1 ವೋಲ್ಟ್, 1.9 ಆಂಪಿಯರ್ ತೋರಿಸಿತು. ಮೊದಲ ದೀಪ ಮಿಟುಕತೊಡಗಿತು. ಸಂಜೆಯ ಹೊತ್ತಿಗೆ ನಾಲ್ಕೂ ದೀಪ ಹೊತ್ತಿದವು. ಬ್ಯಾಟರಿ ಸತ್ತಿರಲಿಲ್ಲ. ಒಳಗೆ ಉಳಿದಿದ್ದ ಹಳೆಯ ಚಾರ್ಜಿನಿಂದ ಅದು ಅಷ್ಟು ದಿನ ಫೋನಿಗೆ ಕೊಡುತ್ತಿತ್ತು, ಅಷ್ಟೇ.

ಕಾರಣ ಸಣ್ಣದು. ಎ ಪೋರ್ಟಿನಲ್ಲಿ ಏನು ಸಿಕ್ಕಿಸಿದರೂ ಸಿಕ್ಕಿಸದಿದ್ದರೂ 5 ವೋಲ್ಟ್ ಇದ್ದೇ ಇರುತ್ತದೆ. ಸಿ ಪೋರ್ಟ್ ಹಾಗಲ್ಲ. ಅದು ಮೊದಲು ಸಿಸಿ ಎಂಬ ತಂತಿಯ ಮೂಲಕ ಆ ಕಡೆ ಕರೆಂಟು ಬೇಡುವವರು ಇದ್ದಾರೆಯೇ ಎಂದು ನೋಡುತ್ತದೆ. ಕರೆಂಟು ಪಡೆಯುವ ಸಾಧನದಲ್ಲಿ ಆ ತಂತಿಗೆ 5.1 ಕಿಲೋ ಓಮ್ ರೆಸಿಸ್ಟರ್ ಕೂರಿಸಿರಬೇಕು. ಅದು ಕಂಡರೆ ಮಾತ್ರ ಚಾರ್ಜರ್ ಬಾಗಿಲು ತೆರೆಯುತ್ತದೆ. ಸಿ ಪಿನ್ನನ್ನು ಹೇಗೆ ತಿರುಗಿಸಿ ಹಾಕಿದರೂ ನಡೆಯಬೇಕಾದ್ದರಿಂದ ಪೋರ್ಟಿನಲ್ಲಿ ಇಂಥ ಎರಡು ಸಿಸಿ ಪಿನ್ ಇವೆ, ಎರಡಕ್ಕೂ ಒಂದೊಂದು ರೆಸಿಸ್ಟರ್ ಬೇಕು. ಆ ಪವರ್ ಬ್ಯಾಂಕ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಬೋರ್ಡಿನ ಮೇಲೆ ಅವೆರಡಕ್ಕೂ ಜಾಗ ಬಿಟ್ಟಿದ್ದರು, ರೆಸಿಸ್ಟರ್ ಮಾತ್ರ ಕೂರಿಸಿರಲಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕ ಆ ಎರಡು ಚೂರನ್ನು ನಾನೇ ಬೆಸುಗೆ ಹಾಕಿದೆ. ಆಮೇಲೆ ಅಕ್ಕನ ಚಾರ್ಜರಿನಲ್ಲೇ ಅದು ತುಂಬಿತು.

ಈ ತಪ್ಪು ಬಲ್ಲವರಿಂದಲೂ ಆಗಿದೆ. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎರಡು ಪಿನ್ನಿಗೂ ಸೇರಿಸಿ ಒಂದೇ ರೆಸಿಸ್ಟರ್ ಇಟ್ಟಿದ್ದರು. ಒಳಗೆ ಚಿಪ್ ಇರುವ ಕೆಲವು ಸಿ ಕೇಬಲ್ಲುಗಳಲ್ಲಿ ಅದಕ್ಕೆ ಕರೆಂಟೇ ಬರುತ್ತಿರಲಿಲ್ಲ. ತಯಾರಕರು ತಪ್ಪು ಒಪ್ಪಿಕೊಂಡು ಮುಂದಿನ ಬೋರ್ಡಿನಲ್ಲಿ ತಿದ್ದಿದರು. ನಮ್ಮ ಹಳ್ಳಿಯ ಪವರ್ ಬ್ಯಾಂಕಿಗೆ ಹಾಗೆ ತಿದ್ದುವವರು ಯಾರು?

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಆ ಪವರ್ ಬ್ಯಾಂಕಿನ ಬೆನ್ನಿಗೆ ನಿಮ್ಮ ಬ್ಯೂರೋದ ಗುರುತೂ ಆರ್ ಅಕ್ಷರದ ನೋಂದಣಿ ಸಂಖ್ಯೆಯೂ ಇದ್ದವು. ಆ ಕಡ್ಡಾಯ ನೋಂದಣಿ ಸುರಕ್ಷತೆಗಾಗಿ ಇರುವುದು. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು ಎನ್ನುವುದು ಅದರ ಕಾಳಜಿ, ಅದು ಬೇಕೇ ಬೇಕು. ಆದರೆ ಸಿ ಪೋರ್ಟ್ ಹೇಗಿರಬೇಕೆಂದು ಹೇಳುವ ಐಎಸ್/ಐಇಸಿ 62680-1-3:2022 ಎಂಬ ಮಾನಕವನ್ನೂ ನಿಮ್ಮ ಬ್ಯೂರೋವೇ ಪ್ರಕಟಿಸಿದೆ. ಒಂದೇ ಚಾರ್ಜರಿನಲ್ಲಿ ಎಲ್ಲವೂ ನಡೆಯಲಿ, ಇ-ತ್ಯಾಜ್ಯ ಕಡಿಮೆಯಾಗಲಿ ಎನ್ನುವುದು ಅದರ ಆಶಯ. ಆ ಮಾನಕ ಬಯಸುವ ರೆಸಿಸ್ಟರ್ ಇಲ್ಲದ ಸಾಮಾನು ನಿಮ್ಮದೇ ಗುರುತು ಹೊತ್ತು ಮಾರಾಟವಾಗುತ್ತಿದೆ. ಚೆನ್ನಾಗಿರುವ ಬ್ಯಾಟರಿ ಕಸದ ಬುಟ್ಟಿ ಸೇರುತ್ತಿದೆ.

ಇನ್ನೊಂದು ದೂರು ದೀಪಗಳದ್ದು. ನಾಲ್ಕು ದೀಪ ಕಂಡರೆ ಜನ ಪೂರ್ತಿ ತುಂಬಿದೆ ಎಂದು ನಂಬುತ್ತಾರೆ. ಅಗ್ಗದ ಪವರ್ ಬ್ಯಾಂಕು ಒಳಗೆ ಎಷ್ಟು ಉಳಿದಿದೆ ಎಂದು ಅಳೆಯುವುದಿಲ್ಲ, ಸೆಲ್ಲಿನ ವೋಲ್ಟೇಜ್ ನೋಡಿ ಅಂದಾಜು ಮಾಡುತ್ತದೆ. ತುಂಬಿದ ಸೆಲ್ 4.2 ವೋಲ್ಟ್, ಬರಿದಾಗುವ ಹೊತ್ತಿಗೆ ಸುಮಾರು 3 ವೋಲ್ಟ್. ಹಳತಾದ ಸೆಲ್ಲಿನಲ್ಲಿ ಒಳಗಿನ ರೋಧ ಹೆಚ್ಚಿರುತ್ತದೆ. ಸುಮ್ಮನಿದ್ದಾಗ ಅದರ ವೋಲ್ಟೇಜ್ ಚೆನ್ನಾಗಿಯೇ ಕಾಣುತ್ತದೆ, ಫೋನ್ ಸಿಕ್ಕಿಸಿದೊಡನೆ ಕುಸಿಯುತ್ತದೆ. ಗುಂಡಿ ಒತ್ತಿದಾಗ ನಾಲ್ಕು ದೀಪ ಇದ್ದು, ಫೋನ್ ಹಾಕಿದ ಕೆಲವೇ ನಿಮಿಷದಲ್ಲಿ ಒಂದಕ್ಕೆ ಇಳಿದರೆ ಸೆಲ್ ದಣಿದಿದೆ ಎಂದೇ ಅರ್ಥ. ಇದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು.

ಇದರ ಜೊತೆಗೆ ಡಬ್ಬಿಯ ಮೇಲಿನ ಲೆಕ್ಕ. 10,000 ಎಂಎಎಚ್ ಎನ್ನುವುದು ಸೆಲ್ಲಿನ 3.7 ವೋಲ್ಟಿನಲ್ಲಿ, ಅಂದರೆ 37 ವ್ಯಾಟ್‌ಅವರ್. ಫೋನಿಗೆ ಹೋಗುವುದು 5 ವೋಲ್ಟಿನಲ್ಲಿ. ಅಲ್ಲಿ ಅದು 7,400 ಆಗುತ್ತದೆ, ವೋಲ್ಟೇಜ್ ಏರಿಸುವಾಗಿನ ನಷ್ಟ ಕಳೆದರೆ ಕೈಗೆ ಸಿಗುವುದು 6,000ದ ಆಸುಪಾಸು. ಇದು ಮೋಸವಲ್ಲ, ಭೌತಶಾಸ್ತ್ರ. ಆದರೆ ದೊಡ್ಡ ಅಂಕಿಯನ್ನು ಹೆಬ್ಬೆರಳಿನಷ್ಟು ದಪ್ಪಕ್ಕೂ ನಿಜವಾಗಿ ಸಿಗುವುದನ್ನು ಇರುವೆ ಸಾಲಿನಷ್ಟು ಸಣ್ಣಕ್ಕೂ ಅಚ್ಚು ಹಾಕಿದರೆ ಓದುವವರು ಯಾರು?

ಮಾನ್ಯರೇ, ನನ್ನ ಕೋರಿಕೆ ಮೂರು. ಸಿ ಪೋರ್ಟಿನಿಂದ ಚಾರ್ಜ್ ಆಗುತ್ತದೆ ಎನ್ನುವ ಪವರ್ ಬ್ಯಾಂಕು ಸಿ ಚಾರ್ಜರ್ ಮತ್ತು ಸಿ-ಸಿ ಕೇಬಲ್ಲಿನಿಂದ, ಪಿನ್ನನ್ನು ಎರಡೂ ಬಗೆಯಲ್ಲಿ ತಿರುಗಿಸಿ ಹಾಕಿದಾಗಲೂ ಚಾರ್ಜ್ ಆಗುವುದನ್ನು ನೋಂದಣಿಗೆ ಮುನ್ನ ಪರೀಕ್ಷಿಸಿ. ಐದು ನಿಮಿಷದ ಕೆಲಸ. 5 ವೋಲ್ಟಿನಲ್ಲಿ ಸಿಗುವ ಸಾಮರ್ಥ್ಯವನ್ನು ಎಂಎಎಚ್ ಅಂಕಿಯಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿ. ದೀಪಗಳು ಫೋನ್ ಜೋಡಿಸಿದ್ದಾಗಲೂ ಸರಿಯಾದ ಮಟ್ಟ ತೋರಿಸುತ್ತವೆಯೇ ಎಂದು ನೋಡಿ. ಆದೇಶ ಹೊರಡಿಸಬೇಕಾದವರು ಎಲೆಕ್ಟ್ರಾನಿಕ್ಸ್ ಸಚಿವಾಲಯದವರು ಎಂದಾದರೆ, ಅವರ ಮುಂದೆ ಈ ಮಾತು ಇಡಬೇಕಾದವರು ನೀವು.

ಓದುಗರಿಗೂ ಒಂದು ಮಾತು. ನಿಮ್ಮ ಪವರ್ ಬ್ಯಾಂಕ್ ತುಂಬದಿದ್ದರೆ ಎಸೆಯುವ ಮುನ್ನ ಹಳೆಯ ಅಗಲ ಪಿನ್ನಿನ ಚಾರ್ಜರಿಗೆ ಒಮ್ಮೆ ಹಾಕಿ ನೋಡಿ. ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಬೇಡಿ, ಬಿಚ್ಚಲೂ ಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇಂತಿ,
ತೀರ್ಥಹಳ್ಳಿಯ ಒಬ್ಬ ರಿಪೇರಿಯವನು