ಮೂಗಿನ ಪಕ್ಕದ ಮಚ್ಚೆಗೆ ಕ್ರೀಮ್ ಹಚ್ಚುವ ಮುನ್ನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಖದ ಕಪ್ಪು ಕಲೆಯ ಪ್ರಶ್ನೆ ತಪ್ಪುವುದೇ ಇಲ್ಲ. "ಡಾಕ್ಟ್ರೇ, ಯಾವ ಕ್ರೀಮ್ ಹಚ್ಚಿದರೆ ಹೋಗುತ್ತೆ?" ಎಂದು ಕೇಳುತ್ತಾರೆ. ಹೆಚ್ಚಿನ ಕಲೆಗಳು ನಿರುಪದ್ರವಿ, ಹಾಗಾಗಿ ಹೆಚ್ಚಿನವರಿಗೆ ಉತ್ತರ ಕೊಡುವುದು ಸುಲಭ. ಆದರೆ ಕೆಲವರಿಗೆ ಕ್ರೀಮಿನ ಹೆಸರು ಹೇಳುವ ಮೊದಲು "ಅದರಿಂದ ಯಾವತ್ತಾದರೂ ರಕ್ತ ಬಂದಿತ್ತಾ?" ಎಂದು ಕೇಳಲೇಬೇಕಾಗುತ್ತದೆ. ಈ ಸಲ ಆ ಕೆಲವರ ವಿಷಯ.

ಪುಣೆಯಲ್ಲಿ ಮಗನ ಮನೆಯಲ್ಲಿರುವ, ಧಾರವಾಡದ ಕಡೆಯ ಅರವತ್ತು ದಾಟಿದ ಒಬ್ಬ ತಾಯಿಯ ಉದಾಹರಣೆ ತೆಗೆದುಕೊಳ್ಳೋಣ. ಇಂಥವರು ನನ್ನಲ್ಲಿಗೆ ಆಗಾಗ ಬರುತ್ತಾರೆ. ಮೂಗಿನ ಹೊಳ್ಳೆ ಕೆನ್ನೆಗೆ ಸೇರುವ ಕಡೆ, ಎರಡು ವರ್ಷದ ಹಿಂದೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಮೂಡಿತು. ಈಗ ಅದು ತೊಗರಿ ಬೇಳೆಯಷ್ಟಾಗಿದೆ, ಸ್ವಲ್ಪ ಉಬ್ಬಿದೆ. ನೋವಿಲ್ಲ, ತುರಿಕೆಯಿಲ್ಲ. "ಮೂಗಿನ ಹತ್ತಿರ ಮಚ್ಚೆ ಇದ್ದರೆ ಒಳ್ಳೇದಂತ" ಎಂದು ಮೊದಲು ಸುಮ್ಮನಿದ್ದರು. ಆಮೇಲೆ ಮೊಮ್ಮಗಳ ಮದುವೆ ಹತ್ತಿರ ಬಂತು. ಬೀದಿ ತುದಿಯ ಮೆಡಿಕಲ್ ಅಂಗಡಿಯವರು ಒಂದು ಟ್ಯೂಬ್ ಕೊಟ್ಟರು. ಐದಾರು ತಿಂಗಳು ದಿನಾ ರಾತ್ರಿ ಹಚ್ಚಿದರು. ಸುತ್ತಲಿನ ಚರ್ಮ ತಿಳಿಯಾಗಿ ಕೆಂಪಾಯಿತು, ಆದರೆ ಚುಕ್ಕೆ ಹಾಗೇ ಉಳಿಯಿತು. ನಡುನಡುವೆ ಟವೆಲ್ಲಿನಿಂದ ಮುಖ ಒರೆಸಿದಾಗ ಒಂದು ಹನಿ ರಕ್ತ ಬರುತ್ತಿತ್ತು, ಹಕ್ಕಳೆ ಕಟ್ಟಿ ಉದುರುತ್ತಿತ್ತು, ಹದಿನೈದು ದಿನ ಬಿಟ್ಟು ಮತ್ತೆ ರಕ್ತ ಬರುತ್ತಿತ್ತು. "ಕ್ರೀಮು ಜೋರಿದೆ, ಅದಕ್ಕೇ ಹಂಗ" ಎಂದು ಮನೆಯವರು ಅಂದುಕೊಂಡರು.

ಆ ಟ್ಯೂಬಿನಲ್ಲಿ ಸಾಮಾನ್ಯವಾಗಿ ಮೂರು ಔಷಧಗಳಿರುತ್ತವೆ. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಗ್ಗಿಸುತ್ತದೆ. ಟ್ರೆಟಿನಾಯಿನ್ ಮೇಲ್ಪದರ ಬೇಗ ಉದುರುವಂತೆ ಮಾಡುತ್ತದೆ. ಮೂರನೆಯದಾದ ಸ್ಟೀರಾಯ್ಡ್ ಉರಿ ಮತ್ತು ಊತವನ್ನು ಅಡಗಿಸುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ ಇದು. ವೈದ್ಯರು ನೋಡಿ ಕೆಲವು ವಾರಗಳಿಗೆ ಬರೆದುಕೊಟ್ಟರೆ ಬಂಗಿಗೆ ಇದು ಒಳ್ಳೆಯ ಮದ್ದೇ. ಬಂಗು ಚಪ್ಪಟೆಯಾಗಿರುತ್ತದೆ, ಎರಡೂ ಕೆನ್ನೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಹರಡಿರುತ್ತದೆ. ಅದು ಬಣ್ಣದ ತೊಂದರೆ, ಆದ್ದರಿಂದ ಬಣ್ಣದ ಮೇಲೆ ಕೆಲಸ ಮಾಡುವ ಮದ್ದು ಅದಕ್ಕೆ ಸರಿ.

ಈ ತಾಯಿಯ ಮೂಗಿನ ಪಕ್ಕದಲ್ಲಿದ್ದದ್ದು ಬಣ್ಣದ ತೊಂದರೆಯಲ್ಲ, ಬೆಳವಣಿಗೆ. ಅದರ ಹೆಸರು ಬೇಸಲ್ ಸೆಲ್ ಕಾರ್ಸಿನೋಮಾ. ಚರ್ಮದ ಮೇಲ್ಪದರದ ತಳದಲ್ಲಿರುವ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಇದು. ಬಿಳಿಯರ ಚರ್ಮದಲ್ಲಿ ಇದು ಗುಲಾಬಿ ಬಣ್ಣದ ಹೊಳೆಯುವ ಗುಳ್ಳೆಯಂತೆ ಕಾಣುತ್ತದೆ, ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಚಿತ್ರಗಳೂ ಹೆಚ್ಚಾಗಿ ಅವೇ. ನಮ್ಮಂಥ ಕಂದು ಚರ್ಮದಲ್ಲಿ ಅದೇ ಗಡ್ಡೆಯೊಳಗೆ ಬಣ್ಣ ಸೇರಿಕೊಂಡು ಕಪ್ಪಗೆ ಅಥವಾ ನೀಲಿ ಬೆರೆತ ಬೂದಾಗಿ ಕಾಣುತ್ತದೆ. ಹಾಗಾಗಿ ಮನೆಯವರು ಅದನ್ನು ಮಚ್ಚೆ ಎಂದುಕೊಳ್ಳುವುದು ಸಹಜ.

ಕ್ರೀಮಿನಲ್ಲಿದ್ದ ಮೂರು ಔಷಧಗಳಲ್ಲಿ ಒಂದೂ ಈ ಗಡ್ಡೆಯನ್ನು ಕರಗಿಸುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಸ್ಟೀರಾಯ್ಡ್ ಸುತ್ತಲಿನ ಕೆಂಪನ್ನೂ ಊತವನ್ನೂ ಒಂದಷ್ಟು ದಿನ ಮರೆಸುವುದರಿಂದ ಗುಣವಾಗುತ್ತಿದೆ ಎನಿಸುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಆಗ ಬರುವ ರಕ್ತಕ್ಕೂ ಕ್ರೀಮೇ ಕಾರಣ ಎನಿಸುತ್ತದೆ. ಹೀಗೆ ವೈದ್ಯರ ಹತ್ತಿರ ಹೋಗಬೇಕೆಂದು ಹೇಳುವ ಲಕ್ಷಣಕ್ಕೆ ಮನೆಯಲ್ಲೇ ಒಂದು ಸಮಾಧಾನ ಸಿಕ್ಕಿಬಿಡುತ್ತದೆ.

ಚರ್ಮದ ಡಾಕ್ಟರು ಇದನ್ನು ಹೇಗೆ ಗುರುತಿಸುತ್ತಾರೆ? ಮೊದಲು ಚರ್ಮವನ್ನು ಸ್ವಲ್ಪ ಎಳೆದು ಹಿಡಿದು ಅಂಚನ್ನು ನೋಡುತ್ತಾರೆ. ಮಣಿ ಪೋಣಿಸಿದಂತೆ ಹೊಳೆಯುವ ಏರು ಅಂಚು, ಅದರ ಮೇಲೆ ದಾರದೆಳೆಯಂಥ ರಕ್ತನಾಳಗಳು, ನಡುವೆ ಸಣ್ಣ ತಗ್ಗು ಅಥವಾ ಹಕ್ಕಳೆ ಇದ್ದರೆ ಅನುಮಾನ ಬಲವಾಗುತ್ತದೆ. ಆಮೇಲೆ ಡರ್ಮಟೋಸ್ಕೋಪ್ ಇಡುತ್ತಾರೆ. ಇದು ದೀಪವಿರುವ ಭೂತಗನ್ನಡಿ, ನೋವೇನೂ ಇರುವುದಿಲ್ಲ. ಮಚ್ಚೆಯಲ್ಲಿ ಕಾಣುವ ಬಣ್ಣದ ಜಾಲರಿ ಇಲ್ಲದೆ ನೀಲಿ ಬೂದು ಉಂಡೆಗಳೋ ಎಲೆಯಾಕಾರದ ಗುರುತುಗಳೋ ಕಂಡರೆ ಬಯಾಪ್ಸಿ ಬೇಕೆಂದು ಹೇಳುತ್ತಾರೆ.

ಬಯಾಪ್ಸಿ ಎಂದ ಕೂಡಲೇ ಮನೆಯವರ ಮುಖ ಬಾಡುತ್ತದೆ. "ಕತ್ತರಿ ತಾಗಿಸಿದರೆ ಹರಡುತ್ತಂತಲ್ಲ?" ಎಂದು ಕೇಳುತ್ತಾರೆ. ಹರಡುವುದಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ಮೂರು ನಾಲ್ಕು ಮಿಲಿಮೀಟರ್ ಅಗಲದ ಒಂದು ಚೂರು ತೆಗೆದು, ಬೇಕಿದ್ದರೆ ಒಂದು ಹೊಲಿಗೆ ಹಾಕುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ ಹೋಗಬಹುದು. ಚೂರು ಫಾರ್ಮಲಿನ್ ಬಾಟಲಿಯಲ್ಲಿ ಲ್ಯಾಬಿಗೆ ಹೋಗುತ್ತದೆ. ಸುಮಾರು ಒಂದು ವಾರದಲ್ಲಿ ವರದಿ ಬರುತ್ತದೆ.

ಈ ತಾಯಿಯಂಥವರ ವರದಿಯಲ್ಲಿ ಬೇಸಲ್ ಸೆಲ್ ಎಂದು ಬಂದರೆ ಅದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಈ ಕ್ಯಾನ್ಸರ್ ದೇಹದ ಬೇರೆ ಭಾಗಕ್ಕೆ ಹರಡುವುದು ತೀರಾ ಅಪರೂಪ. ಪ್ರಾಣಕ್ಕೆ ಅಪಾಯ ಕಡಿಮೆ. ಆದರೆ ಇದ್ದಲ್ಲೇ ನಿಧಾನವಾಗಿ ಕೊರೆಯುತ್ತಾ ಹೋಗುತ್ತದೆ. ಇಲಿ ಕಡಿದಂತೆ ಕಾಣುತ್ತದೆಂದು ಹಳೆಯ ವೈದ್ಯರು ಇದನ್ನು ರೋಡೆಂಟ್ ಅಲ್ಸರ್ ಎಂದೇ ಕರೆಯುತ್ತಿದ್ದರು. ಬೇಳೆಯಷ್ಟಿದ್ದಾಗ ಸುತ್ತ ಕೆಲವೇ ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ ತೆಗೆದು, ಕೆನ್ನೆಯ ಚರ್ಮ ಸರಿಸಿ ಹೊಲಿದರೆ ಒಂದು ತೆಳು ಗೆರೆ ಉಳಿಯುತ್ತದೆ, ಅಷ್ಟೇ. ವರ್ಷಗಟ್ಟಲೆ ಬಿಟ್ಟರೆ ಮೂಗಿನ ಮೃದ್ವಸ್ಥಿಯನ್ನೋ ಕಣ್ಣಿನ ರೆಪ್ಪೆಯನ್ನೋ ಅದು ತಿಂದಿರುತ್ತದೆ. ಆಗ ಮುಖವನ್ನೇ ಹೊಸದಾಗಿ ಕಟ್ಟಬೇಕಾಗುತ್ತದೆ. ತೆಗೆದ ಮೇಲೆ ಅಂಚುಗಳಲ್ಲಿ ಗಡ್ಡೆ ಉಳಿದಿಲ್ಲವೆಂದು ಲ್ಯಾಬ್ ಹೇಳಿದೆಯೇ ಎಂಬುದನ್ನು ಮರೆಯದೆ ಕೇಳಿಕೊಳ್ಳಿ. ಮತ್ತೆ ಬರುವ ಸಾಧ್ಯತೆ ಇರುವುದರಿಂದ ಕೆಲವು ವರ್ಷ ತೋರಿಸುತ್ತಿರಬೇಕು.

ಹಾಗಾದರೆ ಎಲ್ಲ ಕಪ್ಪು ಚುಕ್ಕೆಗೂ ಹೆದರಬೇಕೇ? ಬೇಡ. ವಯಸ್ಸಾದಂತೆ ಕೆನ್ನೆ, ಕುತ್ತಿಗೆಯ ಮೇಲೆ ಹತ್ತಾರು ಸಣ್ಣ ಕಪ್ಪು ಗುಳ್ಳೆ ಏಳುವುದು ನಮ್ಮ ಎಷ್ಟೋ ಮನೆಗಳಲ್ಲಿ ವಂಶಪಾರಂಪರ್ಯವಾಗಿ ಬಂದದ್ದು. ತಾಯಿಗಿತ್ತು, ಅಕ್ಕನಿಗಿದೆ, ಈಗ ನನಗೂ ಬಂತು ಎನ್ನುವಂಥವು. ಅವೆಲ್ಲ ಒಂದರಂತೆ ಇನ್ನೊಂದು ಇರುತ್ತವೆ. ನೋಡಬೇಕಾದದ್ದು ಆ ಗುಂಪಿಗೆ ಸೇರದ ಒಂದನ್ನು. ಉಳಿದವು ಇದ್ದಂತೆ ಇರುವಾಗ ಅದೊಂದೇ ದೊಡ್ಡದಾಗುತ್ತದೆ, ಆಕಾರ ಸೊಟ್ಟಗಾಗುತ್ತದೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಾಣುತ್ತದೆ. ನಲವತ್ತು ದಾಟಿದ ಮೇಲೆ ಹೊಸದಾಗಿ ಬಂದು ಬೆಳೆಯುತ್ತಿರುವ ಒಂಟಿ ಮಚ್ಚೆಯನ್ನೂ ತೋರಿಸಬೇಕು. ಇನ್ನು, ಕೆರೆಯದೆ ತಾಗಿಸದೆ ಮತ್ತೆ ಮತ್ತೆ ರಕ್ತ ಬರುವ ಚುಕ್ಕೆಯನ್ನು, ನಾಲ್ಕು ವಾರವಾದರೂ ಮಾಯದ ಹುಣ್ಣನ್ನು "ಇನ್ನೊಂದು ತಿಂಗಳು ನೋಡೋಣ" ಎಂದು ಮುಂದೂಡಬೇಡಿ.

ಅನುಮಾನ ಸಣ್ಣದಾಗಿದ್ದರೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದಿಡಿ. ತಿಂಗಳ ಬಳಿಕ ಅದೇ ಜಾಗದಲ್ಲಿ ನಿಂತು ಇನ್ನೊಂದು ತೆಗೆಯಿರಿ. ನೆನಪಿಗಿಂತ ಈ ಎರಡು ಫೋಟೋಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ.

ಮುಖಕ್ಕಿಂತ ಅಪಾಯದ ಜಾಗವೊಂದಿದೆ, ಅದು ಕಾಲು. ಮಚ್ಚೆಯ ಬಣ್ಣದ ಜೀವಕೋಶಗಳಿಂದಲೇ ಹುಟ್ಟುವ ಮೆಲನೋಮಾ ನಮ್ಮಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲಿನಲ್ಲಿ, ಅಂಗೈಯಲ್ಲಿ ಅಥವಾ ಉಗುರಿನ ಕೆಳಗೆ ಬರುತ್ತದೆ. ಇದು ಬೇಗ ಹರಡುವ ಜಾತಿಯದು. ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನ ಕೆಳಗೆ 1977ರಲ್ಲಿ ಪತ್ತೆಯಾದದ್ದು ಇದೇ. ಮೊದಲು ಅದನ್ನು ಫುಟ್‌ಬಾಲ್ ಆಟದ ಪೆಟ್ಟು ಎಂದುಕೊಂಡಿದ್ದರು. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು ಬರೀ 36. ನಮ್ಮಲ್ಲಿ ಇದನ್ನು ಆಣಿ ಎಂದೋ ಚಪ್ಪಲಿ ಕಚ್ಚಿದ್ದೆಂದೋ ತಿಳಿದು ಪಟ್ಟಿ ಅಂಟಿಸುತ್ತಾರೆ.

ಉಗುರಿನ ಕೆಳಗೆ ಪೆಟ್ಟಿನ ರಕ್ತ ಕಟ್ಟಿದ್ದರೆ ಉಗುರು ಬೆಳೆದಂತೆ ಆ ಕಲೆ ಮುಂದೆ ಸರಿಯಬೇಕು, ಬುಡದಲ್ಲಿ ಶುಭ್ರ ಉಗುರು ಕಾಣಬೇಕು. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್ ಬೆಳೆಯುತ್ತದೆ, ಕಾಲಿನದು ಅದರ ಅರ್ಧದಷ್ಟು. ಸರಿಯದೆ ಬುಡದಿಂದ ತುದಿಯವರೆಗೆ ಗೆರೆಯಂತೆ ನಿಂತಿದ್ದರೆ, ಅಗಲವಾಗುತ್ತಿದ್ದರೆ ಅಥವಾ ಕಪ್ಪು ಉಗುರಿನಾಚೆ ಚರ್ಮಕ್ಕೂ ಹಬ್ಬಿದ್ದರೆ ಆ ವಾರವೇ ತೋರಿಸಿ. ಹಲವು ಉಗುರುಗಳಲ್ಲಿ ತೆಳುವಾದ ಕಂದು ಗೆರೆಗಳಿರುವುದು ನಮ್ಮ ಬಣ್ಣದವರಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದದ್ದರ ಮಾತು ಬೇರೆ.

ಇಂಥ ಮಚ್ಚೆಯನ್ನು ಸುಣ್ಣ ಹಚ್ಚಿ, ಗೇರು ಎಣ್ಣೆ ಹಚ್ಚಿ ಅಥವಾ ಪಾರ್ಲರಿನಲ್ಲಿ ಸುಡಿಸಿ ತೆಗೆಸಬೇಡಿ. ಮೇಲಿನದು ಸುಟ್ಟು ಹೋಗುತ್ತದೆ, ಬೇರು ಉಳಿದು ಗಾಯದ ಕಲೆಯಡಿ ಬೆಳೆಯಬಹುದು, ಲ್ಯಾಬಿಗೆ ಕಳುಹಿಸಲು ಏನೂ ಇರುವುದಿಲ್ಲ. ಕ್ಲಿನಿಕ್ಕಿನಲ್ಲಿ ಲೇಸರ್ ಎಂದರೂ "ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸುತ್ತೀರಾ?" ಎಂದು ಮೊದಲು ಕೇಳಿ. ಬೋರ್ಡಿನಲ್ಲಿ ಸ್ಕಿನ್ ಎಂದಿದ್ದರೆ ಸಾಲದು, ಡಾಕ್ಟರು ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರೇ ನೋಡಿ. ಖರ್ಚಿನ ಚಿಂತೆ ಇದ್ದರೆ ಮುಂಬಯಿಯ ಕೆಇಎಂ, ಸಯನ್, ಪುಣೆಯ ಸಸೂನ್, ಹೈದರಾಬಾದಿನ ಉಸ್ಮಾನಿಯಾ, ದೆಹಲಿಯ ಸಫ್ದರ್‌ಜಂಗ್‌ನಂಥ ಸರಕಾರಿ ಆಸ್ಪತ್ರೆಗಳಲ್ಲಿ ಚರ್ಮದ ಓಪಿಡಿ ಇದೆ.

ಊರಿಂದ ಬಂದ ಹಿರಿಯರನ್ನು ಕರೆದೊಯ್ಯುವಾಗ ಭಾಷೆಯ ಕಡೆಗೂ ಗಮನವಿರಲಿ. ಮರಾಠಿಯಲ್ಲಿ ತೀಳ್, ಹಿಂದಿಯಲ್ಲಿ ತಿಲ್ ಎಂದಷ್ಟೇ ಹೇಳಿದರೆ ಡಾಕ್ಟರಿಗೆ ಮಚ್ಚೆ ಇದೆ ಎಂದು ಮಾತ್ರ ತಿಳಿಯುತ್ತದೆ. ರಕ್ತ ಬಂದದ್ದು, ಹಕ್ಕಳೆ ಉದುರಿ ಮತ್ತೆ ಕಟ್ಟಿದ್ದು ನಿಮ್ಮ ಬಾಯಿಂದಲೇ ಬರಬೇಕು. ಮನೆಯಲ್ಲೇ ಕನ್ನಡದಲ್ಲಿ ಕೇಳಿಕೊಂಡು ಹೋಗಿ: ಯಾವಾಗ ಶುರುವಾಯಿತು, ಎಷ್ಟು ಬೆಳೆಯಿತು, ಎಷ್ಟು ಸಲ ರಕ್ತ ಬಂತು, ಏನೇನು ಹಚ್ಚಿದ್ದರು. ಹಚ್ಚಿದ ಕ್ರೀಮಿನ ಟ್ಯೂಬ್ ಖಾಲಿಯಾಗಿದ್ದರೂ ಸರಿ, ಅದನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ.