ಮನೆ ಅತ್ತೆಯ ಹೆಸರಲ್ಲಿದ್ದರೆ ಸೊಸೆ ಹೊರಗೆ ಹೋಗಬೇಕೇ?

ಗಂಡ ಹೊಡೆದನೆಂದು ಹೆಣ್ಣೊಬ್ಬಳು ಹಿರಿಯರ ಮುಂದೆ ನಿಂತರೆ ನಮ್ಮ ಬೈಂದೂರು ಕಡೆ ಒಂದು ಮಾತು ತಯಾರಿರುತ್ತದೆ: "ಮನಿ ಅತ್ತಿ ಹೆಸ್ರಲ್ಲಿತ್ತ್ ಹೆಣೆ, ಸ್ವಲ್ಪ ದಿನ ತವರ್ ಮನಿಗ್ ಹೋಯ್ ಕೂಕೊ." ಕೇಳಲು ಸಮಾಧಾನದ ಮಾತು. ಆದರೆ ಕೊನೆಗೆ ಆಗುವುದೇನು? ಹೊಡೆದವನು ಮನೆಯೊಳಗೆ, ಪೆಟ್ಟು ತಿಂದವಳು ಬಸ್ ಸ್ಟ್ಯಾಂಡಿನಲ್ಲಿ. ಇದಕ್ಕೆ ರಾಜಿ ಎಂದು ಹೆಸರು!

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೇಳುವುದೇ ಬೇರೆ. ಸಂಸಾರ ಮಾಡಿದ ಮನೆಯಲ್ಲಿ ವಾಸಿಸಲು ಆಕೆಗೆ ಹಕ್ಕಿದೆ, ಮನೆಯ ದಾಖಲೆ ಯಾರ ಹೆಸರಿನಲ್ಲಿದ್ದರೂ ಸರಿ. ಮಾವನ ಮನೆಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು.

ಹಾಗಾದರೆ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಸೊಸೆಯನ್ನು ಬಿಡಿಸಬಹುದೇ? ಬೆಂಗಳೂರಿನಲ್ಲಿ ಹಾಗೇ ಆಯಿತು. ಗಂಡ ಕೊಂಡ ಮನೆ ತಂದೆಗೆ ಮಾರಾಟವಾಯಿತು, ಆಮೇಲೆ ಅತ್ತೆಗೆ ದಾನವಾಯಿತು. ಸೊಸೆ ಮನೆ ಬಿಡಬೇಕೆಂದು ಉಪವಿಭಾಗಾಧಿಕಾರಿ ಆದೇಶಿಸಿದರು. ಜಿಲ್ಲಾಧಿಕಾರಿ, ಹೈಕೋರ್ಟ್ ಎರಡೂ ಕಡೆ ಆಕೆ ಸೋತಳು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದುಪಡಿಸಿತು. ಹಿರಿಯರ ರಕ್ಷಣೆಯ ಕಾಯ್ದೆ ಹೆಣ್ಣಿನ ವಾಸದ ಹಕ್ಕನ್ನು ಅಳಿಸಿ ಹಾಕುವಂತಿಲ್ಲ ಎಂದಿತು. ವಕೀಲರಿಗೆ 'ಎಸ್. ವನಿತಾ ಪ್ರಕರಣ' ಎಂದರೆ ಸಾಕು, ಗೊತ್ತಾಗುತ್ತದೆ.

ಹಕ್ಕು ಪಡೆಯಲು ಎಫ್‌ಐಆರ್ ಆಗಲೇಬೇಕೆಂದಿಲ್ಲ. ಸಿಡಿಪಿಒ ಕಚೇರಿಗೆ ಹೋಗಿ, ನಡೆದದ್ದನ್ನು ದಿನಾಂಕದೊಂದಿಗೆ ಹೇಳಿ, ವರದಿ ಬರೆಸಬೇಕು. ಅವರೇ ಸಂರಕ್ಷಣಾಧಿಕಾರಿ. ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತದೆ. ಈಗಾಗಲೇ ತವರಿಗೆ ಬಂದಿದ್ದರೆ ಅಲ್ಲಿನ ಕೋರ್ಟಿನಲ್ಲೂ ಹಾಕಬಹುದು. ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಆದಾಯ ಕೇಳುವುದಿಲ್ಲ.

ಅರ್ಜಿಯಲ್ಲಿ ಎರಡು ಬೇಡಿಕೆ ಬೇರೆ ಬೇರೆಯಾಗಿ ಇರಲಿ. ರಕ್ಷಣಾ ಆದೇಶ ಎಂದರೆ ಅವನು ಹೊಡೆಯಬಾರದು, ಫೋನು ಮಾಡಿ ಕಾಡಬಾರದು, ಕೆಲಸದ ಜಾಗಕ್ಕೆ ಬರಬಾರದು. ವಾಸದ ಆದೇಶ ಎಂದರೆ ಆಕೆಯನ್ನು ಹೊರಹಾಕಬಾರದು, ಮನೆ ಮಾರಬಾರದು. ಅಗತ್ಯವಿದ್ದರೆ ಗಂಡನೇ ಮನೆ ಬಿಡಬೇಕು. ಅಪಾಯ ತುರ್ತಾಗಿದ್ದರೆ ಪ್ರಮಾಣಪತ್ರದ ಮೇಲೆ, ಅವನ ಮಾತು ಕೇಳುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಇದನ್ನು ಕೇಳದೆ ಬಿಟ್ಟರೆ, 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದ್ದರೂ ಕೇಸು ತಿಂಗಳುಗಟ್ಟಲೆ ಎಳೆಯುತ್ತದೆ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದೇಶದ ಪ್ರತಿ ಉಚಿತ, ಕೈಯಲ್ಲೇ ಇರಲಿ.

ಒಂದು ಮಿತಿ ಇದೆ. ಇದು ವಾಸದ ಹಕ್ಕು, ಆಸ್ತಿಯ ಪಾಲಲ್ಲ. ಅತ್ತೆಯನ್ನು ಮನೆಯಿಂದ ಕಳಿಸಲು ಈ ಆದೇಶದಲ್ಲಿ ಆಗದು. ಒಟ್ಟಿಗಿರುವುದು ಸಾಧ್ಯವೇ ಇಲ್ಲದಿದ್ದರೆ ಕೋರ್ಟ್ ಅದೇ ಮಟ್ಟದ ಬೇರೆ ಮನೆ, ಇಲ್ಲವೇ ಬಾಡಿಗೆ ಕೊಡಿಸಬಹುದು.

ಆದರೆ ಅದನ್ನು ತೀರ್ಮಾನಿಸುವುದು ಕೋರ್ಟ್, ಜಗಲಿ ಪಂಚಾತಿಕೆಯಲ್ಲ. ಮುಂದಿನ ಸಲ ಹಿರಿಯರು ಯಾರನ್ನಾದರೂ ಹೊರಗೆ ಹೋಗು ಎನ್ನುವುದಾದರೆ, ಹೊಡೆದವನಿಗೇ ಹೇಳಲಿ.